ಗ್ಲಿಸರಿನ್‌ನಲ್ಲಿ ಇಳಿಯುವ ಗುಂಡು: ಬಿಡಿಸಿದ ಲೆಕ್ಕ ಸರಿಯಿದೆಯೇ ಎಂದು ನೋಡುವ ಬಗೆ

ನೀನು ಕೊಟ್ಟ ಎರಡು ಪುಟದ ಲೆಕ್ಕವನ್ನು ನಿನ್ನೆ ರಾತ್ರಿ ಕೂತು ನೋಡಿದೆ. ಗಾಜಿನ ಜಾರ್‌ನಲ್ಲಿರುವ ಗ್ಲಿಸರಿನ್‌ಗೆ ಉಕ್ಕಿನ ಗುಂಡು ಬಿಟ್ಟು, ಅದು ಇಳಿಯುವ ವೇಗದಿಂದ ಸ್ನಿಗ್ಧತೆ ಕಂಡುಹಿಡಿಯುವ ನಮ್ಮ ಪ್ರಯೋಗದ ಲೆಕ್ಕ. ಕೊನೆಯಲ್ಲಿ ನಿನಗೆ ಬಂದ 1.40 Pa·s ಸರಿಯಾಗಿಯೇ ಇದೆ. ಆದರೆ ಅದಕ್ಕಿಂತ ಮೊದಲು ಬರೆದ ವೇಗದ ಸೂತ್ರದಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಪುಟದ ಅಂಚಿನಲ್ಲಿ ನೀನು "ಯೂನಿಟ್ ಸರಿ, ಲಿಮಿಟ್ ಸರಿ" ಎಂದು ಬರೆದು ಟಿಕ್ ಹಾಕಿದ್ದೀಯ. ನಾನೂ ಅವೆರಡನ್ನೂ ಮಾಡಿ ನೋಡಿದೆ, ನೀನು ಬರೆದದ್ದು ನಿಜ. ಎರಡನ್ನೂ ದಾಟಿ ತಪ್ಪು ಉಳಿದುಕೊಂಡಿದೆ. ಅದು ಹೇಗೆ ಉಳಿಯಿತು ಎನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕು ಅನ್ನಿಸಿತು. ಯಾಕೆಂದರೆ ಯಾವ ಪರೀಕ್ಷೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವುದು ಈ ಲೆಕ್ಕದಲ್ಲಿ ತುಂಬ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಲೆಕ್ಕವನ್ನೇ ಎದುರಿಗೆ ಇಟ್ಟುಕೊಳ್ಳೋಣ. ಗುಂಡಿನ ಮೇಲೆ ಮೂರು ಬಲಗಳಿವೆ. ತೂಕ mg ಕೆಳಕ್ಕೆ ಎಳೆಯುತ್ತದೆ. ಗ್ಲಿಸರಿನ್ ಗುಂಡನ್ನು ಮೇಲಕ್ಕೆ ಎತ್ತುತ್ತದೆ. ಹಾಗೆ ಎತ್ತುವ ಬಲ, ಗುಂಡು ಪಕ್ಕಕ್ಕೆ ಸರಿಸಿದ ದ್ರವದ ತೂಕದಷ್ಟು, ಅಂದರೆ m_f g. ಮೂರನೆಯದು ದ್ರವದ ತಡೆ, bv. ಇಲ್ಲಿ b = 6πηr. ಇದು ಸ್ಟೋಕ್ಸ್ ನಿಯಮ. ಕೆಳಗಿನ ದಿಕ್ಕನ್ನು ಪ್ಲಸ್ ಎಂದು ಹಿಡಿದರೆ,

m dv/dt = mg − m_f g − bv

ನೀನು m − m_f ಎಂಬುದನ್ನು m′ ಎಂದು ಕರೆದಿದ್ದೀಯ. ಒಳ್ಳೆಯದೇ, ಬರೆಯುವುದು ಸುಲಭವಾಗುತ್ತದೆ. ಆಮೇಲೆ ನಿನಗೆ ಬಂದ ಉತ್ತರ ಇದು:

v = (m′g/b)(1 − e^(−bt/m′))

ತಪ್ಪು ಎಲ್ಲಿದೆ ಎಂದು ಈಗಲೇ ಹೇಳುವುದಿಲ್ಲ. ಪರೀಕ್ಷೆಗಳೇ ಹೇಳಲಿ.

ಯೂನಿಟ್‌ನಿಂದ ಶುರು ಮಾಡೋಣ, ಅದೇ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಸ್ನಿಗ್ಧತೆಯ ಯೂನಿಟ್ Pa·s, ಬಿಡಿಸಿ ಬರೆದರೆ kg/(m·s). ಅದನ್ನು ತ್ರಿಜ್ಯದಿಂದ ಗುಣಿಸಿದರೆ b ಸಿಗುತ್ತದೆ, ಅದರ ಯೂನಿಟ್ kg/s. ಈಗ m′g ಅನ್ನು b ಇಂದ ಭಾಗಿಸು. kg·m/s² ಅನ್ನು kg/s ಇಂದ ಭಾಗಿಸಿದರೆ m/s ಬರುತ್ತದೆ. ಅದು ವೇಗವೇ. ಇನ್ನು ಘಾತದಲ್ಲಿರುವ bt/m′ ನೋಡು. kg/s ಅನ್ನು s ಇಂದ ಗುಣಿಸಿ kg ಇಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಹಾಗೆಯೇ ಇರಬೇಕು. e ಮೇಲೆ ಕೂರುವುದು ಯಾವಾಗಲೂ ಬರೀ ಸಂಖ್ಯೆ. ಅಲ್ಲಿ ಸೆಕೆಂಡೋ ಕಿಲೋಗ್ರಾಮೋ ಉಳಿದಿದ್ದರೆ ಸೂತ್ರಕ್ಕೆ ಅರ್ಥವೇ ಇಲ್ಲ, ಯಾಕೆಂದರೆ e^x ಬಿಡಿಸಿದಾಗ 1, x, x² ಎಲ್ಲವನ್ನೂ ಒಟ್ಟಿಗೆ ಕೂಡಬೇಕಾಗುತ್ತದೆ.

ಹೀಗೆ ಎರಡು ಜಾಗದಲ್ಲೂ ಯೂನಿಟ್ ಸರಿ ಬಂತು. ಆದರೆ ಇದರಿಂದ ನಮಗೆ ಗೊತ್ತಾದದ್ದು ಎಷ್ಟು? ಘಾತದಲ್ಲಿ m′ ಬದಲು m ಇದ್ದಿದ್ದರೂ, m_f ಇದ್ದಿದ್ದರೂ ಯೂನಿಟ್ ಇಷ್ಟೇ ಚೆನ್ನಾಗಿ ಸರಿ ಬರುತ್ತಿತ್ತು. ಮೂರೂ ಕಿಲೋಗ್ರಾಮೇ ಅಲ್ವಾ? ಮೈನಸ್ ಬದಲು ಪ್ಲಸ್ ಬರೆದಿದ್ದರೂ ಸರಿಯೇ. 6π ಬದಲು 4π ಬರೆದಿದ್ದರೂ ಸರಿಯೇ. ಒಂದೇ ಜಾತಿಯ ಎರಡು ಅಳತೆಗಳು ಅದಲುಬದಲಾದರೆ ಯೂನಿಟ್‌ಗೆ ಅದು ತಿಳಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಮೂರು ದ್ರವ್ಯರಾಶಿ, ಎರಡು ಸಾಂದ್ರತೆ, ಒಂದು ತ್ರಿಜ್ಯ, ಒಂದು ವ್ಯಾಸ ಇವೆ. ಅದಲುಬದಲಿಗೆ ಬೇಕಾದಷ್ಟು ಅವಕಾಶವಿದೆ. ಯೂನಿಟ್ ಹಿಡಿಯುವುದು ಬೇರೆ ಜಾತಿಯ ತಪ್ಪನ್ನು. ಬರೆಯುವಾಗ ಒಂದು ಅಕ್ಷರ ಬಿಟ್ಟುಹೋದರೆ, r² ಬದಲು r ಬರೆದರೆ, ಭಾಗಿಸುವ ಬದಲು ಗುಣಿಸಿದರೆ ಅದು ತಕ್ಷಣ ಹೇಳುತ್ತದೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ನಿನ್ನ ಎರಡನೇ ಪುಟದಲ್ಲಿ g ಬದಲು 9.8 ಅಂತ, r ಬದಲು 0.001 ಅಂತ ಮೊದಲ ಸಾಲಿನಲ್ಲೇ ಹಾಕಿದ್ದೀಯ. ಆ ಸಾಲಿನಿಂದ ಮುಂದೆ ಯೂನಿಟ್ ಪರೀಕ್ಷೆ ಮಾಡಲು ಏನೂ ಉಳಿದಿಲ್ಲ. 9.8 ಎಂಬ ಸಂಖ್ಯೆ ತಾನು ವೇಗೋತ್ಕರ್ಷ ಎಂದು ಹೇಳುವುದಿಲ್ಲ. ಲಿಮಿಟ್ ನೋಡುವುದಕ್ಕೂ ಆಗುವುದಿಲ್ಲ, 0.001 ಅನ್ನು ಸೊನ್ನೆಗೆ ಹತ್ತಿರ ತರುವುದು ಹೇಗೆ? ಕೊನೆಯ ಸಾಲಿನವರೆಗೂ ಅಕ್ಷರಗಳನ್ನೇ ಉಳಿಸಿಕೊ. ಸಂಖ್ಯೆ ಹಾಕುವುದು ಕಟ್ಟಕಡೆಗೆ.

ಈಗ ಲಿಮಿಟ್. ನೀನು ಎರಡನ್ನು ನೋಡಿದ್ದೀಯ. t = 0 ಹಾಕಿದರೆ e⁰ = 1, ಆದ್ದರಿಂದ v = 0. ಗುಂಡನ್ನು ಕೈಯಿಂದ ಸುಮ್ನೆ ಬಿಟ್ಟಿದ್ದೇವೆ, ತಳ್ಳಿಲ್ಲ, ಹಾಗಾಗಿ ಸರಿ. t ತುಂಬ ದೊಡ್ಡದಾದರೆ e ಇರುವ ಪದ ಸೊನ್ನೆಯಾಗುತ್ತದೆ, v = m′g/b. ಅದು ತೂಕ, ಎತ್ತುವ ಬಲ, ತಡೆ ಮೂರೂ ಸಮತೂಕಕ್ಕೆ ಬಂದಾಗಿನ ಅಂತಿಮ ವೇಗ. ಅದೂ ಸರಿ. ನಾನು ಮೂರನೆಯದನ್ನೂ ನೋಡಿದೆ. ದ್ರವದ ಸಾಂದ್ರತೆಯನ್ನು ಸೊನ್ನೆ ಮಾಡಿದರೆ m_f = 0, m′ = m. ಆಗ ನಿನ್ನ ಸೂತ್ರ, ತಡೆ ಮಾತ್ರ ಇರುವ ಬೀಳುವಿಕೆಯ ಪುಸ್ತಕದ ಸೂತ್ರವೇ ಆಗುತ್ತದೆ. ಅದೂ ಸರಿ.

ಮೂರು ಲಿಮಿಟ್ ಸರಿ ಬಂದರೂ ತಪ್ಪು ಕಾಣಲಿಲ್ಲ. ಯಾಕೆ ಅಂತ ಸ್ವಲ್ಪ ಯೋಚಿಸು. t = 0 ಆದಾಗ ಘಾತದಲ್ಲಿ ಏನೇ ಇದ್ದರೂ ಅದು ಸೊನ್ನೆಯಿಂದ ಗುಣಿಸಿಹೋಗುತ್ತದೆ. t ತುಂಬ ದೊಡ್ಡದಾದಾಗ ಘಾತದಲ್ಲಿ ಏನೇ ಇದ್ದರೂ ಆ ಪದವೇ ಅಳಿಸಿಹೋಗುತ್ತದೆ. ಅಂದರೆ ಈ ಎರಡು ತುದಿಗಳಲ್ಲಿ ನಿಂತು ನೋಡಿದರೆ ಘಾತದ ಒಳಗೆ ಏನಿದೆ ಎನ್ನುವುದೇ ಕಾಣುವುದಿಲ್ಲ. ಮೂರನೆಯದರಲ್ಲಿ m ಮತ್ತು m′ ಎರಡೂ ಒಂದೇ ಆಗಿಬಿಟ್ಟವು, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಇದ್ದರೂ ಗೊತ್ತಾಗುವುದಿಲ್ಲ. ಲಿಮಿಟ್ ತೆಗೆದುಕೊಳ್ಳುವಾಗ ಸೂತ್ರದ ಯಾವ ಭಾಗ ಉಳಿಯುತ್ತದೋ ಆ ಭಾಗಕ್ಕೆ ಮಾತ್ರ ಪರೀಕ್ಷೆ ಆಗುತ್ತದೆ. ಅಳಿಸಿಹೋದ ಭಾಗಕ್ಕೆ ಪರೀಕ್ಷೆಯೇ ಆಗಿಲ್ಲ.

ಹಾಗಾದರೆ ಘಾತ ಕಾಣುವಂಥ ಲಿಮಿಟ್ ಬೇಕು. t ಸೊನ್ನೆ ಅಲ್ಲ, ಆದರೆ ತುಂಬ ಚಿಕ್ಕದು. ಇಂಥ ಕಡೆ ನಾನು ಮೊದಲು ಏನು ಬರಬೇಕು ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಆಮೇಲೆ ಸೂತ್ರವನ್ನು ಮುಟ್ಟುತ್ತೇನೆ. ಇಲ್ಲದಿದ್ದರೆ ಸೂತ್ರ ಏನು ಕೊಟ್ಟರೂ "ಹೌದು, ಹೀಗೇ ಇರಬೇಕು" ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಗುಂಡು ಬಿಟ್ಟ ಕ್ಷಣದಲ್ಲಿ ವೇಗ ಇಲ್ಲ, ಆದ್ದರಿಂದ ತಡೆಯೂ ಇಲ್ಲ. ಇರುವುದು ತೂಕ ಮತ್ತು ಎತ್ತುವ ಬಲ. ಒಟ್ಟು ಬಲ m′g, ದ್ರವ್ಯರಾಶಿ m. ವೇಗೋತ್ಕರ್ಷ m′g/m ಆಗಬೇಕು, ಅಂದರೆ g ಗಿಂತ ಕಡಿಮೆ. ಉಕ್ಕಿನ ಸಾಂದ್ರತೆ 7800, ಗ್ಲಿಸರಿನ್‌ನದು 1260 kg/m³ ಎಂದು ಹಿಡಿದರೆ 0.84 g.

ಈಗ ನಿನ್ನ ಸೂತ್ರ. x ಚಿಕ್ಕದಾಗಿದ್ದಾಗ e^(−x) ಸುಮಾರು 1 − x. ಅದನ್ನು ಹಾಕಿದರೆ,

v ≈ (m′g/b)(bt/m′) = gt

ವೇಗೋತ್ಕರ್ಷ ಪೂರ್ತಿ g ಬಂತು. ಗುಂಡು ಗ್ಲಿಸರಿನ್‌ನೊಳಗೆ ಮುಳುಗಿದೆ, ದ್ರವ ಅದನ್ನು ಮೇಲಕ್ಕೆ ಎತ್ತುತ್ತಿದೆ, ಆದರೂ ಮೊದಲ ಕ್ಷಣದಲ್ಲಿ ಅದು ಖಾಲಿ ಜಾಗದಲ್ಲಿ ಬೀಳುವ ಹಾಗೆ ಬೀಳುತ್ತಿದೆ ಎಂದು ಸೂತ್ರ ಹೇಳುತ್ತಿದೆ. ಹಾಗಾಗಲು ಸಾಧ್ಯವಿಲ್ಲ. ತಪ್ಪು ಸಿಕ್ಕಿತು.

ಇದಕ್ಕಿಂತ ಜೋರಾಗಿ ತೋರಿಸುವ ಇನ್ನೊಂದು ದಾರಿ ಇದೆ, ಮತ್ತು ನನಗೆ ಇದು ತುಂಬ ಇಷ್ಟ. ಲಿಮಿಟ್ ಅಂದರೆ ಸೊನ್ನೆ ಮತ್ತು ಅನಂತ ಮಾತ್ರ ಅಲ್ಲ. ಒಂದು ಅಳತೆ ಪ್ಲಸ್‌ನಿಂದ ಮೈನಸ್‌ಗೆ ದಾಟುವ ಜಾಗವನ್ನೂ ನೋಡಬೇಕು. ಇಲ್ಲಿ m′ ಅಂಥದ್ದು. ಉಕ್ಕಿನ ಬದಲು ಗ್ಲಿಸರಿನ್‌ಗಿಂತ ಹಗುರವಾದ ಪ್ಲಾಸ್ಟಿಕ್ ಗುಂಡನ್ನು ಒಳಗೆ ಹಿಡಿದು ಬಿಟ್ಟರೆ ಏನಾಗುತ್ತದೆ? ನಿಧಾನವಾಗಿ ಮೇಲಕ್ಕೆ ಬಂದು ತೇಲುತ್ತದೆ. ನಮ್ಮ ಸಮೀಕರಣದಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ, m′ ಮೈನಸ್ ಆಗುತ್ತದೆ ಅಷ್ಟೇ. ಸಾಂದ್ರತೆ 900, ತ್ರಿಜ್ಯ 1 ಮಿಲಿಮೀಟರ್ ಎಂದು ಇಟ್ಟುಕೊ. ಅದು ಸೆಕೆಂಡಿಗೆ ಅರ್ಧ ಮಿಲಿಮೀಟರ್‌ಗಿಂತ ತುಸು ಜಾಸ್ತಿ ವೇಗದಲ್ಲಿ ಮೇಲೇರಬೇಕು.

ನಿನ್ನ ಸೂತ್ರದಲ್ಲಿ m′ ಮೈನಸ್ ಆದರೆ ಘಾತ −bt/m′ ಪ್ಲಸ್ ಆಗುತ್ತದೆ. e ಇರುವ ಪದ ಕುಗ್ಗುವ ಬದಲು ಬೆಳೆಯುತ್ತಾ ಹೋಗುತ್ತದೆ. ಮುಂದಿರುವ m′g/b ಮೈನಸ್, ಆವರಣದ ಒಳಗೂ ಮೈನಸ್, ಎರಡೂ ಸೇರಿ v ಪ್ಲಸ್. ಅಂದರೆ ತೇಲಬೇಕಾದ ಗುಂಡು ಕೆಳಕ್ಕೆ ಹೋಗುತ್ತಿದೆ, ಅದೂ ಹೆಚ್ಚುತ್ತಲೇ ಹೋಗುವ ವೇಗದಲ್ಲಿ. η = 1.4 ಇಟ್ಟು ಲೆಕ್ಕ ಹಾಕಿದೆ. ಬಿಟ್ಟು ಒಂದು ಮಿಲಿಸೆಕೆಂಡ್ ಆಗುವಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 22 ಕಿಲೋಮೀಟರ್ ಆಗಿರಬೇಕು ಎಂದು ಸೂತ್ರ ಹೇಳುತ್ತದೆ. ಉಕ್ಕಿನ ಗುಂಡಿನಲ್ಲಿ ಇದೇ ತಪ್ಪು 0.84 g ಬದಲು g ಎಂಬ ಚಿಕ್ಕ ವ್ಯತ್ಯಾಸವಾಗಿ ಅಡಗಿತ್ತು. ಹಗುರ ಗುಂಡಿಗೆ ಬಂದಾಗ ಅದೇ ತಪ್ಪು ಬಯಲಿಗೆ ಬಂತು. ನಮ್ಮ ಜಾರ್‌ನಲ್ಲಿ ಹಗುರ ಗುಂಡು ಇಲ್ಲದಿದ್ದರೂ ಪರವಾಗಿಲ್ಲ, ಸೂತ್ರಕ್ಕೆ ಅದನ್ನು ಹಾಕಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಲಿಮಿಟ್ ಹೀಗೆ "ಎಲ್ಲೋ ತಪ್ಪಿದೆ" ಎಂದು ಹೇಳುತ್ತದೆ. ಎಲ್ಲಿ, ಎಷ್ಟು ಎಂದು ಹೇಳುವುದು ಉತ್ತರವನ್ನು ಸಮೀಕರಣಕ್ಕೆ ವಾಪಸ್ ಹಾಕುವ ಪರೀಕ್ಷೆ. ಇದನ್ನು ನೀನು ಮಾಡಿಲ್ಲ, ಅಥವಾ ಮಾಡಿದ್ದರೂ ಬೇರೆ ಸಾಲಿಗೆ ಹಾಕಿರಬೇಕು. ಹಾಗೆ ಯಾಕೆ ಹೇಳಿದೆ ಎಂದು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ. ಈಗ ಮಾಡೋಣ. ನಿನ್ನ v ಅನ್ನು ಡಿಫರೆನ್ಷಿಯೇಟ್ ಮಾಡಿದರೆ,

dv/dt = (m′g/b)(b/m′) e^(−bt/m′) = g e^(−bt/m′)

ಸಮೀಕರಣದ ಎಡಭಾಗ m dv/dt. ಅದು

m g e^(−bt/m′)

ಬಲಭಾಗ m′g − bv. ಅದರಲ್ಲಿ v ಹಾಕಿದರೆ,

m′g − m′g(1 − e^(−bt/m′)) = m′g e^(−bt/m′)

ಎಡದಲ್ಲಿ m, ಬಲದಲ್ಲಿ m′. ಉಳಿದದ್ದೆಲ್ಲ ಒಂದೇ. ಇವೆರಡೂ ಸಮ ಆಗುವುದು m_f = 0 ಆದಾಗ ಮಾತ್ರ. ನಾವು ನೋಡಿದ ಮೂರನೇ ಲಿಮಿಟ್ ಯಾಕೆ ಸರಿ ಬಂದಿತ್ತು ಎನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು.

ಈ ಪರೀಕ್ಷೆಯಿಂದ ತಪ್ಪನ್ನು ತಿದ್ದಲೂ ಬರುತ್ತದೆ. ಘಾತದಲ್ಲಿ ಏನಿರಬೇಕು ಎಂದು ಗೊತ್ತಿಲ್ಲ ಅಂತ ಇಟ್ಟುಕೊಂಡು ಅಲ್ಲಿ −t/τ ಎಂದು ಬರೆ. ಮತ್ತೆ ವಾಪಸ್ ಹಾಕು. ಎಡಭಾಗ (m/bτ) m′g e^(−t/τ) ಆಗುತ್ತದೆ, ಬಲಭಾಗ m′g e^(−t/τ). ಎರಡೂ ಯಾವ ಕ್ಷಣದಲ್ಲೂ ಸಮ ಆಗಬೇಕಾದರೆ m/(bτ) = 1, ಅಂದರೆ τ = m/b. ಘಾತದಲ್ಲಿ m′ ಅಲ್ಲ, m ಇರಬೇಕು:

v = (m′g/b)(1 − e^(−bt/m))

ಇದರಲ್ಲಿ t ಚಿಕ್ಕದಾದರೆ v ≈ (m′/m)gt ಬರುತ್ತದೆ. ನಾವು ಬರೆದಿಟ್ಟುಕೊಂಡದ್ದೇ ಬಂತು. m′ ಮೈನಸ್ ಆದರೂ ಘಾತ ಕುಗ್ಗುತ್ತಲೇ ಇರುತ್ತದೆ, ಹಗುರ ಗುಂಡು ಮೇಲೇರಿ ಸ್ಥಿರ ವೇಗಕ್ಕೆ ಬರುತ್ತದೆ.

ಡಿಫರೆನ್ಷಿಯೇಟ್ ಮಾಡುವುದು ಉದ್ದವಾದ ಲೆಕ್ಕಗಳಲ್ಲಿ ಬೇಸರ ತರಿಸುತ್ತದೆ ನಿಜ. ಆಗ ಅಕ್ಷರಗಳಿಗೆ ಸಣ್ಣ ಸಂಖ್ಯೆಗಳನ್ನು ಕೊಟ್ಟು ನೋಡಬಹುದು. b = 1, g = 1, m = 2, m′ = 1 ಹಾಕು. ನಿನ್ನ ಉತ್ತರ 1 − e^(−t) ಆಗುತ್ತದೆ. ಎಡಭಾಗ 2e^(−t), ಬಲಭಾಗ e^(−t). ಎರಡೇ ಸಾಲಿನಲ್ಲಿ ಮುಗಿಯಿತು. ಆದರೆ ಇಲ್ಲಿ m ಗೆ 2, m′ ಗೆ 1 ಎಂದು ಬೇರೆ ಬೇರೆ ಸಂಖ್ಯೆ ಕೊಟ್ಟದ್ದನ್ನು ಗಮನಿಸು. ಎರಡಕ್ಕೂ 1 ಕೊಟ್ಟಿದ್ದರೆ ತಪ್ಪು ಮತ್ತೆ ಮರೆಯಾಗುತ್ತಿತ್ತು. ಯಾವ ಅಕ್ಷರಗಳು ಅದಲುಬದಲಾಗಿರಬಹುದು ಎಂಬ ಅನುಮಾನ ಇದೆಯೋ ಅವಕ್ಕೆ ಒಂದೇ ಸಂಖ್ಯೆ ಕೊಡಬಾರದು.

ಈಗ, ನೀನು ಬೇರೆ ಸಾಲಿಗೆ ಹಾಕಿರಬೇಕು ಎಂದೆನಲ್ಲ, ಆ ಮಾತಿಗೆ ಬರುತ್ತೇನೆ. ನಿನ್ನ ಮೊದಲ ಪುಟದ ನಾಲ್ಕನೇ ಸಾಲು ನೋಡು. ಮೊದಲ ಸಾಲಿನಲ್ಲಿ m dv/dt ಎಂದೇ ಇದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅದು m′ dv/dt = m′g − bv ಆಗಿದೆ. m − m_f ಗೆ m′ ಎಂದು ಹೆಸರಿಟ್ಟ ಮೇಲೆ ಕೈ ಎಡಗಡೆಗೂ ಅದನ್ನೇ ಬರೆದಿದೆ. ಇದು ತುಂಬ ಸಹಜವಾಗಿ ಆಗುವ ತಪ್ಪು, ಯಾಕೆಂದರೆ "ನೀರಿನಲ್ಲಿ ವಸ್ತು ಹಗುರವಾಗುತ್ತದೆ" ಎಂದು ನಾವು ಹೇಳುತ್ತಲೇ ಇರುತ್ತೇವೆ. ದ್ರವ ಕಡಿಮೆ ಮಾಡುವುದು ಗುಂಡಿನ ಮೇಲಿನ ಒಟ್ಟು ಬಲವನ್ನು. ಗುಂಡಿನಲ್ಲಿರುವ ಉಕ್ಕು ಒಂದು ಕಣವೂ ಕಡಿಮೆಯಾಗುವುದಿಲ್ಲ. ಅದನ್ನು ಚಲನೆಗೆ ತರಲು ಪೂರ್ತಿ m ಅನ್ನೇ ಅಲುಗಿಸಬೇಕು.

ನಿನ್ನ ಉತ್ತರವನ್ನು ಆ ನಾಲ್ಕನೇ ಸಾಲಿಗೆ ವಾಪಸ್ ಹಾಕಿದರೆ ಅಚ್ಚುಕಟ್ಟಾಗಿ ಕೂರುತ್ತದೆ, ಎಡ ಬಲ ಎರಡೂ ಸಮ. ಅಂದರೆ ನಾಲ್ಕನೇ ಸಾಲಿನಿಂದ ಮುಂದಕ್ಕೆ ನೀನು ಮಾಡಿದ್ದೆಲ್ಲ ಸರಿ. ತಪ್ಪು ಅದಕ್ಕಿಂತ ಮೊದಲೇ ಆಗಿತ್ತು. ಹಾಗಾಗಿ ಉತ್ತರವನ್ನು ವಾಪಸ್ ಹಾಕುವಾಗ ಮಧ್ಯದ ಯಾವುದೋ ಸಾಲಿಗಲ್ಲ, ಬಲಗಳನ್ನು ಮೊಟ್ಟಮೊದಲು ಬರೆದ ಸಾಲಿಗೇ ಹಾಕಬೇಕು. ಜೊತೆಗೆ ಶುರುವಿನ ಸ್ಥಿತಿಗೂ ಹಾಕಬೇಕು, ಇಲ್ಲಿ t = 0 ಆದಾಗ v = 0. ಆವರಣದೊಳಗಿನ e ಪದವನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಸಮೀಕರಣ ಸರಿಯಾಗಿಯೇ ಇರುತ್ತದೆ. ಆ ಸಂಖ್ಯೆ 1 ಎಂದು ನಿರ್ಧಾರ ಮಾಡುವುದು ಶುರುವಿನ ಸ್ಥಿತಿ ಮಾತ್ರ.

ಇಷ್ಟಾದ ಮೇಲೂ ಒಂದು ಬಾಗಿಲು ತೆರೆದೇ ಇದೆ. ಮೊದಲ ಸಾಲೇ ತಪ್ಪಾಗಿದ್ದರೆ? ವಾಪಸ್ ಹಾಕುವ ಪರೀಕ್ಷೆಗೆ ಅದು ಗೊತ್ತಾಗುವುದೇ ಇಲ್ಲ. ಉತ್ತರ ಮತ್ತು ಸಮೀಕರಣ ಒಂದಕ್ಕೊಂದು ಹೊಂದುತ್ತವೆಯೇ ಎಂದಷ್ಟೇ ಅದು ಹೇಳುತ್ತದೆ. ಸಮೀಕರಣವನ್ನೇ ಪ್ರಶ್ನಿಸಬೇಕಾದರೆ ಮತ್ತೆ ಲಿಮಿಟ್‌ಗೇ ಬರಬೇಕು. ತಿದ್ದಿದ ಸೂತ್ರವನ್ನು ತೆಗೆದುಕೊಂಡು ಇನ್ನೊಂದು ತುದಿಗೆ ಹೋಗೋಣ. ಗುಂಡಿನ ಸಾಂದ್ರತೆಯನ್ನು ಕಡಿಮೆ ಮಾಡುತ್ತಾ ಹೋಗು, ಕೊನೆಗೆ ಅದು ಬರೀ ಗಾಳಿಗುಳ್ಳೆ ಆಗಲಿ. ಬಿಟ್ಟ ಕ್ಷಣದ ವೇಗೋತ್ಕರ್ಷ

(m′/m)g = (1 − ρ_f/ρ_s)g

ρ_s ಸೊನ್ನೆಗೆ ಹತ್ತಿರವಾದಂತೆ ಇದು ಮೇಲ್ಮುಖವಾಗಿ ಅನಂತದ ಕಡೆಗೆ ಹೋಗುತ್ತದೆ. ಗುಳ್ಳೆ ಮೇಲಕ್ಕೆ ಹೊರಡುವಾಗ ಹೀಗೆ ಮಿತಿಯಿಲ್ಲದ ವೇಗೋತ್ಕರ್ಷದಲ್ಲಿ ಹೊರಡುವುದಿಲ್ಲ. ಈ ಸಲ ಬೀಜಗಣಿತದಲ್ಲಿ ತಪ್ಪಿಲ್ಲ, ವಾಪಸ್ ಹಾಕಿದರೆ ಪೂರ್ತಿ ಹೊಂದುತ್ತದೆ. ಆದರೆ ಮೊದಲ ಸಾಲಿನಲ್ಲಿ ಏನೋ ಬಿಟ್ಟುಹೋಗಿದೆ.

ಬಿಟ್ಟುಹೋದದ್ದು ದ್ರವ. ಗುಂಡು ಮುಂದೆ ಹೋಗಬೇಕಾದರೆ ಎದುರಿನ ದ್ರವ ಪಕ್ಕಕ್ಕೆ ಸರಿದು ಹಿಂದಕ್ಕೆ ಬರಬೇಕು. ಆ ದ್ರವಕ್ಕೂ ದ್ರವ್ಯರಾಶಿ ಇದೆ, ಅದನ್ನೂ ಅಲುಗಿಸಬೇಕು. ಗೋಲಕ್ಕೆ ಈ ಹೆಚ್ಚುವರಿ ಹೊರೆ, ಗುಂಡು ಸರಿಸಿದ ದ್ರವದ ದ್ರವ್ಯರಾಶಿಯ ಅರ್ಧದಷ್ಟು. ಎಡಭಾಗದಲ್ಲಿ m ಬದಲು m + m_f/2 ಬರೆಯಬೇಕು. ಆಗ ಗುಳ್ಳೆಯ ಮೊದಲ ಕ್ಷಣದ ವೇಗೋತ್ಕರ್ಷ ಅನಂತವಾಗದೆ ಮೇಲ್ಮುಖವಾಗಿ 2g ಆಗುತ್ತದೆ. ಸ್ನಿಗ್ಧ ದ್ರವದಲ್ಲಿ ವೇಗ ಹೆಚ್ಚುತ್ತಿರುವಾಗ ತಡೆಯೂ bv ಗಿಂತ ಸ್ವಲ್ಪ ಬೇರೆಯಾಗಿರುತ್ತದೆ, ಅದರ ಸೂತ್ರ ಇನ್ನೂ ಉದ್ದ. ನಮ್ಮ ರೆಕಾರ್ಡಿಗೆ ಅದೆಲ್ಲ ಬೇಡ. ಯಾಕೆ ಬೇಡ ಎನ್ನುವುದನ್ನು ಮಾತ್ರ ಬರೆಯಬೇಕು. ಅಂತಿಮ ವೇಗಕ್ಕೆ ಬಂದ ಮೇಲೆ ವೇಗೋತ್ಕರ್ಷವೇ ಇಲ್ಲ, dv/dt ಇರುವ ಎಡಭಾಗ ಪೂರ್ತಿ ಸೊನ್ನೆ. ಅಲ್ಲಿ m ಇದ್ದರೂ, m′ ಇದ್ದರೂ, m + m_f/2 ಇದ್ದರೂ m′g/b ಬದಲಾಗುವುದಿಲ್ಲ. ನಿನ್ನ 1.40 ಉಳಿದುಕೊಂಡದ್ದು ಅದರಿಂದಲೇ.

ಇದನ್ನು ಸಂಖ್ಯೆಯಲ್ಲೂ ನೋಡಿದೆ. τ = m/b ಅನ್ನು ನಮ್ಮ ಗುಂಡಿಗೆ ಲೆಕ್ಕ ಹಾಕಿದರೆ 1.24 ಮಿಲಿಸೆಕೆಂಡ್. ನಿನ್ನ ಸೂತ್ರದ m′/b ಆದರೆ 1.04 ಮಿಲಿಸೆಕೆಂಡ್. ಗುಂಡು ಹೆಚ್ಚು ಕಡಿಮೆ ಅಂತಿಮ ವೇಗಕ್ಕೆ ಬರುವಷ್ಟರಲ್ಲಿ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗವೂ ಇಳಿದಿರುವುದಿಲ್ಲ. ನಾವು ಸ್ಟಾಪ್‌ವಾಚ್ ಒತ್ತುವುದು ಅದಕ್ಕಿಂತ ಎಷ್ಟೋ ಕೆಳಗಿನ ಗೆರೆಯಲ್ಲಿ, ಅಳೆಯುವುದು ಇಪ್ಪತ್ತು ಸೆಕೆಂಡಿಗೆ ಹತ್ತಿರದ ಸಮಯ. ಈ ಪ್ರಯೋಗವನ್ನು ನೂರು ಸಲ ಮಾಡಿದರೂ ನಿನ್ನ ಸೂತ್ರದ ತಪ್ಪು ರೀಡಿಂಗ್‌ನಲ್ಲಿ ಕಾಣುತ್ತಿರಲಿಲ್ಲ. ರೀಡಿಂಗ್ ಹೊಂದಿತು ಎಂದ ಮಾತ್ರಕ್ಕೆ ಸೂತ್ರದ ಎಲ್ಲ ಭಾಗವೂ ಸರಿ ಎಂದು ಹೇಳಲು ಆಗುವುದಿಲ್ಲ, ರೀಡಿಂಗ್ ಮುಟ್ಟಿದ ಭಾಗಕ್ಕೆ ಮಾತ್ರ ಆ ಮಾತು ಸಲ್ಲುತ್ತದೆ.

ಇನ್ನು ಕೊನೆಯ ಸಂಖ್ಯೆ. 20 ಸೆಂಟಿಮೀಟರ್ ಇಳಿಯಲು 19.7 ಸೆಕೆಂಡ್, ಅಂದರೆ v = 0.01015 m/s. ಅದರಿಂದ

η = 2r²(ρ_s − ρ_f)g/(9v) = 1.40 Pa·s

ಇದನ್ನೂ ವಾಪಸ್ ಹಾಕಿ ನೋಡಿದೆ. ಈ ಸೂತ್ರಕ್ಕೇ ಅಲ್ಲ, ಅದಕ್ಕಿಂತ ಹಿಂದಿನ ಬಲಗಳ ಸಾಲಿಗೆ. ತಡೆ 6πηrv ಅನ್ನು ಬೇರೆಯಾಗಿ ಲೆಕ್ಕ ಹಾಕಿದರೆ 2.68 × 10⁻⁴ N. ತೂಕದಿಂದ ಎತ್ತುವ ಬಲವನ್ನು ಕಳೆದರೆ ಅದೂ 2.68 × 10⁻⁴ N. ಹೊಂದಿತು. 2/9 ಎಂಬ ಭಾಗವನ್ನು ಎಲ್ಲಾದರೂ 9/2 ಎಂದು ತಿರುಗಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿತ್ತು. ಯೂನಿಟ್‌ಗೆ ಅದು ಸಿಗುವುದಿಲ್ಲ.

ಸ್ಟೋಕ್ಸ್ ನಿಯಮವೂ ಒಂದು ಲಿಮಿಟ್ ಎಂಬುದನ್ನು ಮರೆಯಬೇಡ. ದ್ರವ ನಿಧಾನವಾಗಿ, ಸುಳಿ ಏಳದೆ ಗುಂಡನ್ನು ಬಳಸಿ ಹೋಗುವಾಗ ಮಾತ್ರ ಅದು ನಡೆಯುತ್ತದೆ. ಅದಕ್ಕೆ ರೆನಾಲ್ಡ್ಸ್ ಸಂಖ್ಯೆ, ρ_f v d/η, 1 ಕ್ಕಿಂತ ತುಂಬ ಕಡಿಮೆ ಇರಬೇಕು. ನಮ್ಮದು ಸುಮಾರು 0.02. ಚಿಂತೆ ಇಲ್ಲ. ಅದೇ ಗುಂಡನ್ನು ನೀರಿಗೆ ಬಿಟ್ಟು ಇದೇ ಸೂತ್ರ ಬಳಸಿದ್ದರೆ ಉತ್ತರ ಪೂರ್ತಿ ಸುಳ್ಳಾಗುತ್ತಿತ್ತು, ಯೂನಿಟ್ ಮಾತ್ರ ಸರಿ ಇರುತ್ತಿತ್ತು.

ಒಂದು ತಪ್ಪು ಮಾತ್ರ ಈ ಮೂರೂ ಪರೀಕ್ಷೆಗೆ ಸಿಗದೆ ಹೋಗಬಹುದು, ಮತ್ತು ಈ ಪ್ರಯೋಗದಲ್ಲಿ ಅದು ಆಗುವುದು ತೀರ ಸುಲಭ. ಸ್ಕ್ರೂ ಗೇಜ್ ತೋರಿಸುವುದು ವ್ಯಾಸ, 2.00 ಮಿಲಿಮೀಟರ್. ಅದನ್ನೇ r ಎಂದು ಹಾಕಿದರೆ η ನಾಲ್ಕು ಪಟ್ಟು, 5.6 ಬರುತ್ತದೆ. ಯೂನಿಟ್ ಸರಿ, ಎಲ್ಲ ಲಿಮಿಟ್ ಸರಿ. ಬಲಗಳ ಸಾಲಿಗೆ ವಾಪಸ್ ಹಾಕಿದರೂ ಎಡ ಬಲ ಎರಡೂ 2.15 × 10⁻³ N ಬಂದು ಹೊಂದುತ್ತವೆ, ಯಾಕೆಂದರೆ ಅದೇ ತಪ್ಪು r ಎರಡೂ ಕಡೆ ಕೂತಿದೆ. ಪುಸ್ತಕದ ಬೆಲೆಗೆ ಹೋಲಿಸಿದರೆ ಅನುಮಾನ ಬರಬಹುದು. ಆದರೆ ಗ್ಲಿಸರಿನ್‌ನ ಸ್ನಿಗ್ಧತೆ 20 ಡಿಗ್ರಿಯಲ್ಲಿ ಸುಮಾರು 1.4 ಇದ್ದದ್ದು 25 ಡಿಗ್ರಿಗೆ 1 ಕ್ಕಿಂತ ಕೆಳಗೆ ಇಳಿಯುತ್ತದೆ, ತೇವ ಹೀರಿಕೊಂಡರೆ ಇನ್ನೂ ಇಳಿಯುತ್ತದೆ. ಹಾಗಾಗಿ ಹೊಂದದಿದ್ದಾಗ "ಉಷ್ಣತೆ ಬೇರೆ ಇರಬೇಕು" ಎಂದು ಸಮಾಧಾನ ಮಾಡಿಕೊಳ್ಳುವುದು ಸುಲಭ.

ಇದನ್ನು ಹಿಡಿಯಲು ಲೆಕ್ಕದ ಹೊರಗಿನಿಂದ ಒಂದು ಅಳತೆ ಬೇಕು, r ಬಳಸದೆ ಸಿಗುವಂಥದ್ದು. ಒಂದು ಗುಂಡಿನ ದ್ರವ್ಯರಾಶಿ (4/3)πr³ρ_s. r = 1 ಮಿಲಿಮೀಟರ್ ಆದರೆ ಅದು 33 ಮಿಲಿಗ್ರಾಂ, r = 2 ಆದರೆ ಅದರ ಎಂಟು ಪಟ್ಟು. ಒಂದೇ ಗುಂಡು ತೂಗಿದರೆ ತಕ್ಕಡಿ ಸರಿಯಾಗಿ ಹೇಳದಿರಬಹುದು. ಇಪ್ಪತ್ತು ಗುಂಡು ಒಟ್ಟಿಗೆ ಹಾಕಿದರೆ 0.65 ಗ್ರಾಂ ಬರಬೇಕು. ವ್ಯಾಸವನ್ನು ತ್ರಿಜ್ಯ ಎಂದುಕೊಂಡಿದ್ದರೆ ನಮ್ಮ ಲೆಕ್ಕ 5.2 ಗ್ರಾಂ ಎನ್ನುತ್ತಿತ್ತು.

ನೀನು ಆ ತಪ್ಪು ಮಾಡಿಲ್ಲ, r ಸರಿಯಾಗಿಯೇ ಹಾಕಿದ್ದೀಯ. ಆದರೂ ನಾಳೆ ಲ್ಯಾಬ್‌ಗೆ ಬಂದ ಕೂಡಲೇ ಗುಂಡುಗಳನ್ನು ಒರೆಸಿ ಇಪ್ಪತ್ತನ್ನು ತೂಗೋಣ, ಆ ಸಂಖ್ಯೆಯೂ ರೆಕಾರ್ಡಿನಲ್ಲಿ ಇರಲಿ. ಮೊದಲ ಪುಟದ ನಾಲ್ಕನೇ ಸಾಲಿನ ಎಡಗಡೆಯ m′ ಅನ್ನು m ಎಂದು ತಿದ್ದು, ಘಾತದಲ್ಲೂ ಹಾಗೆಯೇ. ಅಂಚಿನಲ್ಲಿ ಟಿಕ್ ಹಾಕಿದ ಕಡೆ ಯಾವ ಲಿಮಿಟ್ ನೋಡಿದೆ, ಏನು ಬರಬೇಕಿತ್ತು, ಏನು ಬಂತು ಎಂದು ಒಂದೊಂದು ಸಾಲು ಬರೆ. ಎರಡನೇ ಪುಟವನ್ನು ಅಕ್ಷರದಲ್ಲೇ ಮತ್ತೆ ಬರೆಯುವ ಕೆಲಸ ನನಗಿರಲಿ, ತರುವಾಗ ಪುಟ ಮರೆಯಬೇಡ.